ಕಣ್ಣ ಮುಂದೆ ಮಿಂಚು ಬಂದಾಗ ಗಾಡಿ ಯಾವಾಗ ನಿಲ್ಲಿಸಬೇಕು?

ಇವತ್ತಿನ ಮಾತು ಮೈಗ್ರೇನ್ ಬಗ್ಗೆ. ಆದ್ರೆ ತಲೆನೋವಿನ ಬಗ್ಗೆ ಅಲ್ಲ, ಅದಕ್ಕೂ ಮುಂಚೆ ಬರೋ ಅರ್ಧ ಗಂಟೆ ಬಗ್ಗೆ. ಮೈಗ್ರೇನ್ ಇರೋರಲ್ಲಿ ಕೆಲವರಿಗೆ ತಲೆನೋವು ಶುರುವಾಗೋ ಮೊದಲು ಕಣ್ಣ ಮುಂದೆ ಮಿಣಮಿಣ ಅನ್ನೋ ಅಂಕುಡೊಂಕು ಗೆರೆ ಕಾಣುತ್ತೆ. ಅದನ್ನ ಔರಾ ಅಂತಾರೆ. ನನಗೆ ಇದು ಕಾಲೇಜು ದಿನಗಳಿಂದ ಇದೆ, ಡಾಕ್ಟರ್‌ಗೆ ತೋರಿಸಿ ಖಚಿತಪಡಿಸಿಕೊಂಡಿದ್ದೀನಿ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಔಷಧ ಹೇಳಲ್ಲ. ಸ್ಕೂಟರ್ ಓಡಿಸುವಾಗ, ಕೆಲಸದಲ್ಲಿದ್ದಾಗ ಇದು ಬಂದ್ರೆ ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬಹುದು, ಇಷ್ಟೇ ಇವತ್ತಿನ ವಿಷಯ.

ಮೊದಲು ಔರಾ ಹೇಗೆ ನಡೆಯುತ್ತೆ ನೋಡೋಣ. ತೊಂದರೆ ಇರೋದು ಕಣ್ಣಲ್ಲಿ ಅಲ್ಲ, ಮೆದುಳಿನ ಹಿಂಭಾಗದಲ್ಲಿ, ನೋಟವನ್ನ ಸಂಭಾಳಿಸೋ ಜಾಗದಲ್ಲಿ. ಅಲ್ಲಿ ಒಂದು ಅಲೆ ನಿಧಾನವಾಗಿ ಹರಿಯುತ್ತೆ. ಕಾರ್ಲ್ ಲ್ಯಾಶ್ಲಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ತಮಗೇ ಬರ್ತಿದ್ದ ಔರಾವನ್ನ ಕಾಗದದ ಮೇಲೆ ಗುರುತು ಹಾಕ್ತಾ ಹೋಗಿ, ಅದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತೆ ಅಂತ 1941ರಲ್ಲೇ ಲೆಕ್ಕ ಹಾಕಿದ್ರು. ಅದಕ್ಕೇ ಔರಾ ಒಮ್ಮೆಲೇ ಬರಲ್ಲ. ಸಾಮಾನ್ಯವಾಗಿ ನೋಟದ ಮಧ್ಯದ ಹತ್ತಿರ ಚಿಕ್ಕ ಚುಕ್ಕೆಯಾಗಿ ಶುರುವಾಗಿ, ದೊಡ್ಡದಾಗ್ತಾ ಪಕ್ಕಕ್ಕೆ ಸರಿಯುತ್ತೆ. ಐದು ನಿಮಿಷದಿಂದ ಒಂದು ಗಂಟೆವರೆಗೆ ಇರಬಹುದು. ಹೆಚ್ಚಿನವರಿಗೆ ಇಪ್ಪತ್ತು, ಮೂವತ್ತು ನಿಮಿಷ.

ಅಪಾಯ ಆ ಹೊಳೆಯೋ ಗೆರೆಯಲ್ಲಿ ಇಲ್ಲ. ಗೆರೆಯ ಒಳಗಡೆ ಏನೂ ಕಾಣದ ಒಂದು ಜಾಗ ಇರುತ್ತೆ, ಅಪಾಯ ಅಲ್ಲಿದೆ. ಅದು ಕಪ್ಪಗೆ ಕಾಣೋದಿಲ್ಲ. ಮೆದುಳು ಅಕ್ಕಪಕ್ಕದ ಬಣ್ಣ ತಗೊಂಡು ಆ ಜಾಗಕ್ಕೆ ತೇಪೆ ಹಾಕಿಬಿಡುತ್ತೆ. ಸುತ್ತ ರಸ್ತೆ ಇದ್ರೆ ಅಲ್ಲೂ ರಸ್ತೆಯೇ ಇದ್ದ ಹಾಗೆ ಕಾಣುತ್ತೆ. ರಸ್ತೆ ದಾಟ್ತಿರೋ ಮನುಷ್ಯ ಆ ಜಾಗದಲ್ಲಿದ್ರೆ ಅವನು ಮಾಯ, ರಸ್ತೆ ಖಾಲಿ. 'ನನಗೆ ಚೆನ್ನಾಗೇ ಕಾಣ್ತಿದೆ' ಅಂತ ಅನ್ನಿಸೋದು ಇದೇ ಕಾರಣಕ್ಕೆ. ಹಾಗಾಗಿ ಆ ಅನಿಸಿಕೆಯನ್ನ ನಂಬಿ ಓಡಿಸೋ ಹಾಗಿಲ್ಲ.

ಎಷ್ಟು ಮಾಯ ಆಗಬಹುದು ಅಂತ ಲೆಕ್ಕ ಹಾಕೋಣ. ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡೀರಿ. ಆ ಮುಷ್ಟಿ ಸುಮಾರು ಹತ್ತು ಡಿಗ್ರಿ ಮುಚ್ಚುತ್ತೆ. ಕಾಣದ ಜಾಗ ಅಷ್ಟೇ ಇದೆ ಅಂದ್ಕೊಂಡ್ರೂ, ಇಪ್ಪತ್ತು ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಅಗಲ ಆಗುತ್ತೆ. ಒಂದು ಆಟೋ ಪೂರ್ತಿ ಅದರೊಳಗೆ ಅಡಗಿಕೊಳ್ಳುತ್ತೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಇಪ್ಪತ್ತು ಮೀಟರ್ ಮುಗಿಯೋಕೆ ಎರಡು ಸೆಕೆಂಡೂ ಬೇಕಾಗಲ್ಲ. ಒಂದು ಕಣ್ಣು ಮುಚ್ಚಿಕೊಂಡು ಓಡಿಸಿದ್ರೂ ಉಪಯೋಗ ಇಲ್ಲ, ಯಾಕಂದ್ರೆ ಔರಾ ಎರಡೂ ಕಣ್ಣಿಗೆ ಒಂದೇ ಕಡೆ ಬರುತ್ತೆ.

ಒಂದು ನಿಜವಾದ ಸಂಜೆಯ ಲೆಕ್ಕ ಹೇಳ್ತೀನಿ. ಕಳೆದ ಮಳೆಗಾಲ, ಮೈಸೂರು ರಸ್ತೆ, ಕೆಂಗೇರಿ ಕಡೆಯಿಂದ ವಿಜಯನಗರಕ್ಕೆ ಬರ್ತಿದ್ದೆ. ಆರು ಹತ್ತಕ್ಕೆ ಮುಂದಿನ ಬಸ್ಸಿನ ನಂಬರ್ ಪ್ಲೇಟ್ ನೋಡಿದೆ, ನಡುವಿನ ಒಂದು ಅಂಕಿ ಇಲ್ಲ. ಹೆಚ್ಚಿನ ಸಲ ನನಗೆ ಮೊದಲ ಸುಳಿವು ಇದೇ: ಗೆರೆಗಿಂತ ಮುಂಚೆ ಅಕ್ಷರ ಕಾಣೆಯಾಗುತ್ತೆ. ಮನೆಗೆ ಇನ್ನು ಹದಿನೈದು ನಿಮಿಷದ ದಾರಿ. 'ಬೇಗ ಮನೆ ಸೇರಿಬಿಡೋಣ' ಅಂತ ಯಾರಿಗಾದ್ರೂ ಅನ್ನಿಸುತ್ತೆ. ಆದ್ರೆ ಔರಾ ದೊಡ್ಡದಾಗೋದೂ ಅದೇ ಹದಿನೈದು ನಿಮಿಷದಲ್ಲಿ. ಚುಕ್ಕೆ ಇನ್ನೂ ಚಿಕ್ಕದಿದ್ದಾಗ ಸಿಗೋ ಒಂದೆರಡು ನಿಮಿಷ ಇರೋದು ಗಾಡಿಯನ್ನ ಪಕ್ಕಕ್ಕೆ ತರೋಕೆ, ಮನೆಗೆ ಹೋಗೋಕಲ್ಲ. ಎಡಗಡೆ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ತಲೆಯನ್ನೇ ತಿರುಗಿಸಿ ಹಿಂದೆ ನೋಡಿ, ನಾಯಂಡಹಳ್ಳಿ ಹತ್ತಿರ ಒಂದು ಬೇಕರಿ ಮುಂದೆ ನಿಲ್ಲಿಸಿದೆ. ಆಗ ಆರು ಹನ್ನೆರಡು. ಮೊಬೈಲ್‌ನಲ್ಲಿ ಟೈಮರ್ ಹಾಕಿದೆ. ಆರು ಇಪ್ಪತ್ತೈದಕ್ಕೆ ಬೇಕರಿ ಬೋರ್ಡಿನ ಅರ್ಧಭಾಗ ಇರಲಿಲ್ಲ. ಆರು ನಲವತ್ತಕ್ಕೆ ಎಲ್ಲಾ ಸ್ವಚ್ಛ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತೆ: ಕಣ್ಣು ಸರಿಹೋಯ್ತು, ಹೊರಡಬಹುದಾ? ನಾನು ಮೂರು ಪರೀಕ್ಷೆ ಮಾಡ್ಕೋತೀನಿ. ನಿಂತಿರೋ ಗಾಡಿಯ ನಂಬರ್ ಪ್ಲೇಟ್ ಒಂದು ಅಂಕಿಯೂ ತಪ್ಪದೆ ಓದಬೇಕು. ನೇರ ಮುಂದೆ ನೋಡ್ತಾ, ಎಡ, ಬಲ, ಮೇಲೆ, ಕೆಳಗೆ ಆಡಿಸಿದ ಬೆರಳು ಕಾಣಬೇಕು. ಮನೆಗೆ ಫೋನ್ ಮಾಡಿ ಎಲ್ಲಿದ್ದೀನಿ ಅಂತ ತಡವರಿಸದೆ ಹೇಳೋಕೆ ಆಗಬೇಕು, ಯಾಕಂದ್ರೆ ಕೆಲವರಿಗೆ ಔರಾ ಮಾತಿಗೂ ತಾಗುತ್ತೆ. ಇವು ಮೂರೂ ಪಾಸಾದ್ರೂ ಇನ್ನೂ ಅರ್ಧ ಗಂಟೆ ಕಾಯ್ತೀನಿ. ಔರಾ ಮುಗಿದ ಒಂದು ಗಂಟೆಯೊಳಗೆ ತಲೆನೋವು, ವಾಕರಿಕೆ, ಮಂಕು ಬರೋದು ಮಾಮೂಲು. ಮೈಗ್ರೇನಿಗೆ ಕೊಡೋ ಕೆಲವು ಮಾತ್ರೆಗಳಿಂದ ನಿದ್ದೆ ಕೂಡ ಬರುತ್ತೆ. ಅವತ್ತು ಆರು ಐವತ್ತೈದಕ್ಕೆ ಬಲಗಡೆ ತಲೆ ಹಿಡ್ಕೊಂತು. ಬೇಕರಿ ಅಣ್ಣನಿಗೆ ಹೇಳಿ ಸ್ಕೂಟರ್ ಅಲ್ಲೇ ಬಿಟ್ಟು, ನಾಯಂಡಹಳ್ಳಿಯಿಂದ ವಿಜಯನಗರಕ್ಕೆ ಮೆಟ್ರೋ ಹತ್ತಿದೆ. ಗಾಡಿ ತಂದಿದ್ದು ಮಾರನೇ ದಿನ.

ಡೆಲಿವರಿ ಮಾಡೋರಿಗೆ ಇದು ಇಷ್ಟು ಸುಲಭ ಅಲ್ಲ, ಗೊತ್ತು. ಬ್ಯಾಗಲ್ಲಿ ಆರ್ಡರ್ ಇರುತ್ತೆ, ಅದು ತಪ್ಪಿದ್ರೆ ದುಡ್ಡು ಹೋಗುತ್ತೆ. ಆದ್ರೆ ಕ್ರಮ ಬದಲಾಗಬಾರದು: ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಸಪೋರ್ಟ್‌ಗೆ ಫೋನ್ ಮಾಡಿ. ಹತ್ತಿರದಲ್ಲಿರೋ ಒಬ್ಬ ಸ್ನೇಹಿತನಿಗೆ ವಿಷಯ ಮೊದಲೇ ತಿಳಿಸಿಟ್ಟಿದ್ರೆ ಆ ಹೊತ್ತಲ್ಲಿ ಬಹಳ ವಿವರಿಸಬೇಕಾಗಲ್ಲ.

ಆಫೀಸ್ ಕೆಲಸದಲ್ಲೂ ಅದೇ ತೇಪೆಯ ಆಟ ನಡೆಯುತ್ತೆ. ಎಕ್ಸೆಲ್ ಶೀಟಲ್ಲಿ 1,18,500 ಇದ್ರೆ ನಡುವಿನ ಅಂಕಿ ಮಾಯವಾಗಿ ಸಂಖ್ಯೆಯೇ ಬೇರೆ ಥರ ಕಾಣಬಹುದು, ಏನೋ ಬಿಟ್ಟುಹೋಗಿದೆ ಅಂತ ಗೊತ್ತೇ ಆಗಲ್ಲ. ಔರಾ ಶುರುವಾದ ಮೇಲೆ ನಾನು ಫೈಲ್ ಸೇವ್ ಮಾಡಿ ಸ್ಕ್ರೀನ್ ಬಿಟ್ಟು ಏಳ್ತೀನಿ. ಹಣ ಕಳಿಸೋದು, ಜಿಎಸ್‌ಟಿ ರಿಟರ್ನ್ ಸಲ್ಲಿಸೋದು ಏನೂ ಮಾಡಲ್ಲ. ಏಣಿ ಹತ್ತೋರು, ತಿರುಗೋ ಮಷಿನ್ ಮುಂದೆ ನಿಲ್ಲೋರು, ಕುದಿಯೋ ಎಣ್ಣೆ ಹತ್ತಿರ ಕೆಲಸ ಮಾಡೋರು ಮೊದಲ ಚುಕ್ಕೆಗೇ ಅಲ್ಲಿಂದ ದೂರ ಬರಬೇಕು. ಮೇಲಿನವರಿಗೆ ಹೇಳೋಕೆ ಒಂದೇ ವಾಕ್ಯ ಸಾಕು: 'ಸರ್, ಅರ್ಧ ಗಂಟೆ ನನಗೆ ಸರಿಯಾಗಿ ಕಾಣಲ್ಲ, ಆಮೇಲೆ ನೋಡಿ ಹೇಳ್ತೀನಿ.'

ಕೊನೆಗೆ, ಎಲ್ಲವನ್ನೂ ಔರಾ ಅಂದ್ಕೊಂಡು ಸುಮ್ಮನೆ ಕೂರಬಾರದು. ಔರಾ ಸಾಮಾನ್ಯವಾಗಿ ನಿಧಾನವಾಗಿ ಹರಡುತ್ತೆ. ಒಮ್ಮೆಲೇ ಕಣ್ಣು ಕತ್ತಲಾದ್ರೆ, ಮುಖ ಸೊಟ್ಟಗಾದ್ರೆ, ಒಂದು ಕಡೆ ಕೈಕಾಲಿನ ಶಕ್ತಿ ಹೋದ್ರೆ, ಮಾತು ತಟ್ಟನೆ ತೊದಲಿದ್ರೆ ಅದು ಪಾರ್ಶ್ವವಾಯು ಇರಬಹುದು, ಕಾಯದೆ 108ಕ್ಕೆ ಫೋನ್ ಮಾಡಿ. ಜೀವನದಲ್ಲಿ ಮೊದಲ ಸಲ ಇಂಥದ್ದು ಆದ್ರೆ, ಒಂದೇ ಕಣ್ಣಿಗೆ ಆದ್ರೆ, ಒಂದು ಗಂಟೆ ದಾಟಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಆದ್ರೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ನಿಮಗೆ ಔರಾ ಇದ್ರೆ ಇವತ್ತೇ ಒಂದು ಕೆಲಸ ಮಾಡಿ. ದಿನಾ ಓಡಾಡೋ ದಾರಿಯಲ್ಲಿ ಗಾಡಿ ನಿಲ್ಲಿಸೋಕೆ ಆಗೋ ಜಾಗಗಳನ್ನ ಗುರುತು ಹಾಕಿಟ್ಕೊಳ್ಳಿ: ಪೆಟ್ರೋಲ್ ಬಂಕ್, ಬೇಕರಿ, ಮೆಟ್ರೋ ಸ್ಟೇಷನ್. ಚುಕ್ಕೆ ಕಂಡ ಮೇಲೆ ಜಾಗ ಹುಡುಕ್ತಾ ಕೂರೋಕೆ ಟೈಮ್ ಇರಲ್ಲ.