ಮ್ಯಾಕ್ ಫಿಲ್ಟರ್ ಹಾಕಿದ್ರೆ ವೈಫೈ ಸೇಫಾ?

ಸ್ಕ್ರೀನ್ ಮೇಲೆ ಎರಡು ಮ್ಯಾಕ್ ಅಡ್ರೆಸ್ ಹಾಕಿದೀನಿ, ಒಂದ್ಸಲ ನೋಡಿ.

```
00:23:5a:73:5f:fb
00:23:5a:73:5f:fc
```

ಕೊನೇ ಅಕ್ಷರ ಬಿಟ್ರೆ ಎಲ್ಲಾ ಒಂದೇ. ಇವು ಆರನ್ ಸ್ವಾರ್ಟ್ಜ್ ಅನ್ನೋ ಪ್ರೋಗ್ರಾಮರ್ ಮೇಲೆ ಅಮೆರಿಕದಲ್ಲಿ ಹಾಕಿದ ದೋಷಾರೋಪ ಪಟ್ಟಿಯಲ್ಲಿರೋವು. 2010ರ ಸೆಪ್ಟೆಂಬರ್‌ನಲ್ಲಿ ಆತ ಎಂಐಟಿ ನೆಟ್‌ವರ್ಕ್‌ಗೆ ಗೆಸ್ಟ್ ಆಗಿ ಲ್ಯಾಪ್‌ಟಾಪ್ ಸೇರಿಸಿ, ಜೆಸ್ಟೋರ್ ಅನ್ನೋ ಸಂಶೋಧನಾ ಭಂಡಾರದಿಂದ ರಾಶಿಗಟ್ಟಲೆ ಲೇಖನ ಇಳಿಸ್ಕೊಳ್ಳೋಕೆ ಶುರು ಮಾಡ್ತಾನೆ. ರಿಜಿಸ್ಟರ್ ಮಾಡಿದ್ದು ಗ್ಯಾರಿ ಹೋಸ್ಟ್ ಅನ್ನೋ ಹೆಸರಲ್ಲಿ. ಜೆಸ್ಟೋರ್‌ನೋರು ಐಪಿ ಬ್ಲಾಕ್ ಮಾಡಿದ್ರು, ಆತ ಬೇರೆ ಐಪಿ ತಗೊಂಡ. ಎಂಐಟಿಯೋರು ಲ್ಯಾಪ್‌ಟಾಪ್‌ನ ಮ್ಯಾಕ್ ಅಡ್ರೆಸ್ಸನ್ನೇ ತಡೆದ್ರು. ಅಕ್ಟೋಬರ್ 2ಕ್ಕೆ ಅದೇ ಲ್ಯಾಪ್‌ಟಾಪ್ ವಾಪಸ್, fb ಹೋಗಿ fc ಬಂದಿತ್ತು. ಕೊನೆಗೆ ಆತ ಸಿಕ್ಕಿದ್ದು 2011ರ ಜನವರಿಯಲ್ಲಿ, ಅದೂ ವೈರಿಂಗ್ ಕೋಣೆಯಲ್ಲಿ ಕ್ಯಾಮೆರಾ ಇಟ್ಟ ಮೇಲೆ.

ಲಿನಕ್ಸ್‌ನಲ್ಲಿ ಅಡ್ರೆಸ್ ಬದಲಾಯಿಸೋಕೆ ಬೇಕಾಗೋದು ಇಷ್ಟೇ:

```
ip link set dev wlan0 down
ip link set dev wlan0 address 00:23:5a:73:5f:fc
ip link set dev wlan0 up
```

ಇಲ್ಲಿ ಒಬ್ರು ಎದ್ದು ವಾದಕ್ಕೆ ಬರ್ತಾರೆ. "ಅದು ಬ್ಲಾಕ್‌ಲಿಸ್ಟ್ ಸ್ವಾಮಿ. ನಾನು ಹಾಕಿರೋದು ಅಲೋ ಲಿಸ್ಟ್. ನಮ್ಮನೆ ಫೋನು, ಟಿವಿ ಅಡ್ರೆಸ್ ಮಾತ್ರ ಬರೆದಿಟ್ಟಿದೀನಿ. ಹೊರಗಿನೋರಿಗೆ ಅವು ಹೇಗೆ ಗೊತ್ತಾಗುತ್ತೆ?"

ಗೊತ್ತಾಗುತ್ತೆ, ಯಾಕಂದ್ರೆ ನಿಮ್ಮ ಫೋನೇ ಅದನ್ನ ಕೂಗಿ ಹೇಳ್ತಾ ಇರುತ್ತೆ. ವೈಫೈನಲ್ಲಿ ಪಾಸ್‌ವರ್ಡ್ ಹಾಕಿದಾಗ ಎನ್‌ಕ್ರಿಪ್ಟ್ ಆಗೋದು ಫ್ರೇಮ್‌ನ ಒಳಗಿನ ಡೇಟಾ. ಯಾರಿಂದ ಯಾರಿಗೆ ಅನ್ನೋ ಹೆಡರ್ ತೆರೆದೇ ಇರುತ್ತೆ, ಡಬ್ಲ್ಯೂಪಿಎ3 ಇದ್ರೂ ಅಷ್ಟೇ. ಇದನ್ನ ಮುಚ್ಚೋಕೆ ಮರೆತ್ರು ಅಂದ್ಕೋಬೇಡಿ. ಒಂದೇ ಗಾಳೀಲಿ ಹತ್ತು ಫೋನು ಮಾತಾಡ್ತಿರುವಾಗ, ಬಂದ ಫ್ರೇಮ್ ತನಗಾ ಅಲ್ವಾ ಅಂತ ಪ್ರತಿ ಫೋನೂ ಬಿಚ್ಚೋ ಮುಂಚೇನೇ ತಿಳ್ಕೋಬೇಕು. ರೂಟರ್ ಹತ್ರ ಒಂದೊಂದು ಫೋನಿಗೂ ಒಂದೊಂದು ಕೀ ಇರುತ್ತೆ. ಯಾವ ಕೀ ಹಾಕಿ ಬಿಚ್ಚಬೇಕು ಅಂತ ಅದು ಆರಿಸ್ಕೊಳ್ಳೋದೇ ಕಳಿಸಿದೋರ ಮ್ಯಾಕ್ ನೋಡಿ. ಬಸ್ಸಿನ ಬೋರ್ಡ್ ಮೇಲೆ ಬಟ್ಟೆ ಹೊದಿಸಿದ್ರೆ ಹತ್ತೋರಿಗೆ ಗೊತ್ತಾಗೋದು ಹೇಗೆ? ಹಾಗಾಗಿ ಮಾನಿಟರ್ ಮೋಡ್ ಇರೋ ವೈಫೈ ಕಾರ್ಡ್ ಹಾಕಿ `airodump-ng` ಓಡಿಸಿದ್ರೆ, STATION ಅನ್ನೋ ಕಾಲಂನಲ್ಲಿ ನಿಮ್ಮನೆ ಫೋನು, ಟಿವಿ ಅಡ್ರೆಸ್‌ಗಳು ಸಾಲಾಗಿ ಬರ್ತವೆ. ನೀವು ಬರೆದಿಟ್ಟ ಪಟ್ಟಿ ಅಲ್ಲೇ ಸಿಕ್ತಲ್ಲ!

ಒಂದು ನಿಮಿಷ, ಇಲ್ಲಿ ಸ್ಪಷ್ಟ ಮಾಡ್ಬೇಕು. ಅಡ್ರೆಸ್ ಕದ್ದ ಮಾತ್ರಕ್ಕೆ ಒಳಗೆ ಬಂದ ಹಾಗಲ್ಲ, ಪಾಸ್‌ವರ್ಡ್ ಇನ್ನೂ ಬೇಕು. ಅಂದ್ರೆ ನಿಜವಾಗಿ ತಡೀತಿರೋದು ಪಾಸ್‌ವರ್ಡು. ಪಾಸ್‌ವರ್ಡ್ ಇಲ್ಲದೋನು ಫಿಲ್ಟರ್ ಇಲ್ಲದಿದ್ರೂ ಒಳಗೆ ಬರಲ್ಲ. ಪಾಸ್‌ವರ್ಡ್ ಇದ್ದೂ ಅಡ್ರೆಸ್ ನಕಲು ಮಾಡೋ ಗೋಜಿಗೆ ಹೋಗದೋರನ್ನ ಮಾತ್ರ ಫಿಲ್ಟರ್ ನಿಲ್ಲಿಸುತ್ತೆ. ನಿಮ್ಮ ಮಗ ಪಕ್ಕದ್ಮನೆ ಹುಡುಗನಿಗೆ ಪಾಸ್‌ವರ್ಡ್ ಹೇಳಿಬಿಟ್ಟಿದ್ರೆ, ಹೌದು, ಕೆಲಸಕ್ಕೆ ಬರುತ್ತೆ. ಆದ್ರೆ ಫಿಲ್ಟರ್ ಇದೆಯಲ್ಲ ಅಂತ ಪಾಸ್‌ವರ್ಡ್ ತೆಗೆದು ಓಪನ್ ಬಿಡಿ ಅನ್ನೋರ ಮಾತು ಮಾತ್ರ ಕೇಳಲೇಬೇಡಿ. ಆಗ ಡೇಟಾನೂ ಬಟಾಬಯಲು.

ಮನೇಲಿ ಇನ್ನೊಂದು ತಲೆನೋವಿದೆ. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ಒಂದೊಂದು ವೈಫೈಗೂ ಒಂದೊಂದು ಹುಸಿ ಅಡ್ರೆಸ್ ತೋರಿಸ್ತವೆ. ಎರಡನೇ ಅಕ್ಷರ 2, 6, A, E ಇದ್ರೆ ಅದು ಕಂಪನಿ ಕೊಟ್ಟ ಅಡ್ರೆಸ್ ಅಲ್ಲ ಅಂತ ತಿಳ್ಕೊಳ್ಳಿ. ಮಗಳ ಫೋನನ್ನ ಬ್ಲಾಕ್‌ಲಿಸ್ಟ್‌ಗೆ ಹಾಕಿದ್ರೆ, ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಒತ್ತಿ ಅವಳು ಬೇರೆ ಅಡ್ರೆಸ್ ಹಾಕ್ಕೊಂಡು ಬರ್ತಾಳೆ. ಅಲೋ ಲಿಸ್ಟ್ ಇಟ್ಟಿದ್ರೆ, ಫೋನ್ ರೀಸೆಟ್ ಮಾಡಿದ ದಿನ ಹೊರಗೆ ನಿಲ್ಲೋರು ನೀವೇ.

ಹಾಗಾದ್ರೆ ಮ್ಯಾಕ್ ಫಿಲ್ಟರ್ ಎಲ್ಲಿಗೆ ಸರಿ? ಅಡ್ರೆಸ್ ಬದಲಾಯಿಸದ, ಲಾಗಿನ್ ಮಾಡೋಕೆ ಬರದ ಮೊದ್ದು ಸಾಮಾನಿಗೆ. ಆಫೀಸಿನ ಹಳೇ ಪ್ರಿಂಟರ್ ತಗೊಳ್ಳಿ. ಕೇಬಲ್ ಚುಚ್ಚಿದ ತಕ್ಷಣ ಸ್ವಿಚ್ಚು 802.1ಎಕ್ಸ್‌ನಲ್ಲಿ ಯಾರು ನೀನು ಅಂತ ಕೇಳುತ್ತೆ, ಪ್ರಿಂಟರ್ ಉತ್ತರ ಕೊಡಲ್ಲ. ಆಗ ಸ್ವಿಚ್ಚು ಅದರ ಮ್ಯಾಕ್ ಪಟ್ಟೀಲಿದೆಯಾ ಅಂತ ರೇಡಿಯಸ್ ಸರ್ವರ್ ಹತ್ರ ವಿಚಾರಿಸಿ, ಬೇರೆ ವಿಲ್ಯಾನ್‌ಗೆ ಬಿಡುತ್ತೆ. ಅಲ್ಲಿಂದ ಪ್ರಿಂಟ್ ಸರ್ವರ್‌ಗೆ ಮಾತ್ರ ದಾರಿ ಇಟ್ಟಿರಬೇಕು, ಅದೇ ಮುಖ್ಯ. ಪ್ರಿಂಟರ್ ಹಿಂದಿನ ಸ್ಟಿಕರ್ ನೋಡಿ ಯಾರೋ ಅಡ್ರೆಸ್ ನಕಲು ಮಾಡಿ ಲ್ಯಾಪ್‌ಟಾಪ್ ಚುಚ್ಚಿದ್ರೂ, ಅವನಿಗೆ ಸಿಗೋದು ಪ್ರಿಂಟ್ ಸರ್ವರ್, ಅಕೌಂಟ್ಸ್ ಫೋಲ್ಡರ್ ಅಲ್ಲ.