ನಡುರಾತ್ರಿ ದಾಟಿದ ದುಡಿಮೆ ಯಾವ ತಾರೀಖಿನದು?
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿಯವನು ಸೋಮವಾರ ರಾತ್ರಿ 11 ಗಂಟೆಗೆ ಗಿರಣಿಯ ಒಳಗೆ ಹೋಗುತ್ತಾನೆ, ಮಂಗಳವಾರ ಬೆಳಿಗ್ಗೆ 7ಕ್ಕೆ ಹೊರಗೆ ಬರುತ್ತಾನೆ. ಒಂದು ಗಂಟೆ ಸೋಮವಾರದಲ್ಲಿ, ಏಳು ಗಂಟೆ ಮಂಗಳವಾರದಲ್ಲಿ. ಹಾಜರಿ ಪುಸ್ತಕದಲ್ಲಿ ಈ ಪಾಳಿಯನ್ನು ಯಾವ ತಾರೀಖಿನ ಮನೆಯಲ್ಲಿ ಬರೆಯಬೇಕು? ಗುಮಾಸ್ತರ ಕೆಲಸ, ನಮಗೇಕೆ ಎಂದು ನಾವು ಸುಮ್ಮನಿದ್ದರೆ ನಮ್ಮ ರಜೆಯೂ ಸಂಬಳವೂ ಆ ಮನೆಯಲ್ಲಿಯೇ ಕರಗಿ ಹೋಗುತ್ತವೆ.

ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಯವರೆಗಿನ 24 ಗಂಟೆ. ಆದರೆ ಅದೇ ಕಾಯಿದೆಯ 57ನೆಯ ಕಲಮು ರಾತ್ರಿ ಪಾಳಿಗೆ ಬೇರೆ ಲೆಕ್ಕ ಹೇಳಿತು: ನಡುರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನಕ್ಕೇ ಸೇರಬೇಕು, ಆ ಕಾರ್ಮಿಕನ ಮಾರನೆಯ ದಿನ ಅವನ ಪಾಳಿ ಮುಗಿದ ಗಳಿಗೆಯಿಂದ ಆರಂಭವಾಗಬೇಕು. 2025ರ ನವೆಂಬರ್ 21ರಂದು ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಗಿರಣಿಯ ಬಾಗಿಲಲ್ಲಿ ರಾತ್ರಿಯಿಡೀ ಚಹಾ ಮಾರುವ ನಮ್ಮ ಅಂಗಡಿಕಾರ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಗಂಟೆಯ ವ್ಯಾಪಾರವನ್ನೂ ಅವರು ಅದೇ ರಾತ್ರಿಯ ಲೆಕ್ಕದಲ್ಲಿ ಬರೆದು, ಬೆಳಿಗ್ಗೆ ಗಲ್ಲಾ ಎಣಿಸಿದ ಮೇಲೆಯೇ ಹೊಸ ಪುಟ ತಿರುವುತ್ತಾರೆ.

ಮೊದಲು ವಾರದ ರಜೆಯನ್ನು ನೋಡೋಣ. ಶನಿವಾರ ರಾತ್ರಿಯ ಪಾಳಿ ಭಾನುವಾರ ಬೆಳಿಗ್ಗೆ 7ಕ್ಕೆ ಮುಗಿಯಿತು. ರಜೆ ಅಲ್ಲಿಂದ ಪೂರಾ 24 ಗಂಟೆ, ಅಂದರೆ ಸೋಮವಾರ ಬೆಳಿಗ್ಗೆ 7ರವರೆಗೆ. "ಭಾನುವಾರ ನಡುರಾತ್ರಿಗೇ ಹುಟ್ಟಿತು, ನಡುರಾತ್ರಿಗೇ ತೀರಿತು, ಹನ್ನೆರಡಕ್ಕೆ ಬಾ" ಎಂದು ಮೇಸ್ತ್ರಿ ಕರೆದರೆ ಮನುಷ್ಯನಿಗೆ ಸಿಕ್ಕುವುದು 17 ಗಂಟೆ ಮಾತ್ರ. ಹಾಗೆ ಕರೆಯಲು ಅವನಿಗೆ ಹಕ್ಕಿಲ್ಲ.

ಇನ್ನು ಹಣದ ಮಾತು. ಹಳೆಯ ಕಾಯಿದೆಯ ಲೆಕ್ಕವನ್ನೇ ಹಿಡಿಯೋಣ. ದಿನಕ್ಕೆ 9 ಗಂಟೆ ಮೀರಿದರೆ ಮೀರಿದ ಗಂಟೆಗೆ ಎರಡರಷ್ಟು ಕೂಲಿ ಎಂದು ಅದು ಹೇಳಿತ್ತು. ಒಬ್ಬನು ಸೋಮವಾರ ಮಧ್ಯಾಹ್ನ 3ಕ್ಕೆ ಎರಡನೆಯ ಪಾಳಿಗೆ ಬಂದ. ರಾತ್ರಿ ಪಾಳಿಯವನು ಬರಲಿಲ್ಲವೆಂದು ಅವನನ್ನೇ ಮಂಗಳವಾರ ಬೆಳಿಗ್ಗೆ 7ರವರೆಗೆ ನಿಲ್ಲಿಸಿಕೊಂಡರು. ಹೀಗೆ ಎರಡು ಪಾಳಿ ದುಡಿಸುವುದು ಸರಿಯೇ ಎಂಬುದು ಬೇರೆ ಪ್ರಶ್ನೆ. ಲೆಕ್ಕ ಸುಲಭವಾಗಲೆಂದು ಊಟದ ವಿರಾಮವನ್ನು ಬಿಡೋಣ. ಒಟ್ಟು 16 ಗಂಟೆ. ಗುಮಾಸ್ತನು ಕ್ಯಾಲೆಂಡರ್ ನೋಡಿ ಸೋಮವಾರಕ್ಕೆ 9, ಮಂಗಳವಾರಕ್ಕೆ 7 ಎಂದು ಬರೆದ. ಯಾವ ದಿನವೂ ಮಿತಿ ಮೀರಲಿಲ್ಲ! ಗಂಟೆಗೆ 60 ರೂಪಾಯಿಯಂತೆ ಅವನ ಕೈಗೆ ಬಂದದ್ದು 960 ರೂಪಾಯಿ.

ಕಾನೂನಿನಂತೆ ಹದಿನಾರೂ ಗಂಟೆ ಸೋಮವಾರದವು. 9 ಗಂಟೆಗೆ 540, ಮಿಕ್ಕ 7 ಗಂಟೆಗೆ ಎರಡರಷ್ಟು 840, ಒಟ್ಟು 1,380. ತಾರೀಖಿನ ಒಂದು ಗೆರೆ 420 ರೂಪಾಯಿಯನ್ನು ನುಂಗಿತು. ಈಗ ದಿನದ ಮಿತಿ ಎಷ್ಟೆಂಬುದನ್ನು ನಿಮಗೆ ಅನ್ವಯಿಸುವ ನಿಯಮದಲ್ಲಿ ನೋಡಿಕೊಳ್ಳಬೇಕು. ಮಿತಿ ಎಷ್ಟೇ ಇರಲಿ, ಗಂಟೆಗಳನ್ನು ಸೇರಿಸುವ ರೀತಿ ಇದೇ.

ಬೆರಳಚ್ಚಿನ ಯಂತ್ರ ಬಂದ ಮೇಲೆ ಈ ತಪ್ಪು ಗುಮಾಸ್ತನ ಕೈಯಿಂದ ಯಂತ್ರಕ್ಕೆ ಹೋಗಿದೆ. ನಡುರಾತ್ರಿಗೆ ದಿನ ಕತ್ತರಿಸುವಂತೆ ಅದನ್ನು ಇಟ್ಟಿದ್ದರೆ, ಸೋಮವಾರಕ್ಕೆ ಒಳಗೆ ಬಂದ ಗುರುತು ಮಾತ್ರ ಉಳಿಯುತ್ತದೆ. ಹೊರಗೆ ಹೋದದ್ದು ಮಂಗಳವಾರದ ಪಾಲಾಗುತ್ತದೆ. ದುಡಿದವನು ಗೈರುಹಾಜರು! ಇಲ್ಲವೇ ಮಂಗಳವಾರ ಬೆಳಿಗ್ಗೆ ಹೊರಟದ್ದನ್ನು ಬಂದದ್ದೆಂದೂ, ಅದೇ ರಾತ್ರಿ ಬಂದದ್ದನ್ನು ಹೊರಟದ್ದೆಂದೂ ಅದು ಓದುತ್ತದೆ. ಸಂಬಳದ ಚೀಟಿಯಲ್ಲಿ ರಾತ್ರಿ ಪಾಳಿಯ ವಾರದಲ್ಲಿಯೇ ಗೈರು, ಅರ್ಧ ದಿನ ಕಾಣಿಸಿದರೆ ರೋಗ ಇದೇ ಎಂದು ತಿಳಿಯಿರಿ. ಪಾಳಿ ಶುರುವಾದ ತಾರೀಖಿಗೆ ಎರಡೂ ಗುರುತುಗಳನ್ನು ಜೋಡಿಸುವಂತೆ ಯಂತ್ರವನ್ನು ಸರಿಪಡಿಸಬಹುದು. ಯಂತ್ರ ಹಾಗೆ ಹೇಳಿತು ಎಂಬುದು ಉತ್ತರವಲ್ಲ.

ಇದಕ್ಕೊಂದು ಎಲ್ಲೆಯೂ ಇದೆ. ರಜೆಯ ವಿಷಯದಲ್ಲಿ 57ನೆಯ ಕಲಮು ಹೆಸರಿಸಿದ್ದು ವಾರದ ರಜೆಯನ್ನೂ ಅದಕ್ಕೆ ಬದಲಾಗಿ ಕೊಡುವ ರಜೆಯನ್ನೂ ಮಾತ್ರ. ಹಬ್ಬದ ರಜೆ ರಾತ್ರಿ ಪಾಳಿಯವನಿಗೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂಬುದನ್ನು ಸಂಘವು ಹಬ್ಬಕ್ಕೆ ಮೊದಲೇ ಆಡಳಿತದವರೊಡನೆ ಮಾತಾಡಿ ಬರೆಸಿಕೊಳ್ಳಬೇಕು.

ಆದ್ದರಿಂದ ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಡೋಣ. ಒಳಗೆ ಹೋದ ತಾರೀಖು, ಗಂಟೆ. ಹೊರಗೆ ಬಂದ ತಾರೀಖು, ಗಂಟೆ. ಈ ನಾಲ್ಕೇ ಸಾಕು. ಸಂಬಳದ ದಿನ ಅದನ್ನು ಚೀಟಿಯ ಪಕ್ಕದಲ್ಲಿಟ್ಟು ನೋಡೋಣ. ತಾಳೆಯಾಗದಿದ್ದರೆ ಸಂಘದ ಕಚೇರಿಗೆ ಎರಡನ್ನೂ ತನ್ನಿ. ಒಬ್ಬನ ಚೀಟಿಯಲ್ಲಿ ಕಂಡ ತಪ್ಪು ಆ ಪಾಳಿಯ ಎಲ್ಲರ ಚೀಟಿಯಲ್ಲಿಯೂ ಇದ್ದೀತು. ಅರ್ಜಿಯನ್ನು ಪಾಳಿಯವರೆಲ್ಲರ ಸಹಿಯೊಡನೆ ಕೊಡೋಣ.