ಹಡಗಿನ ಎಂಜಿನಿಯರರ ಸ್ವವಿವರವನ್ನು ದಡದ ಕಚೇರಿ ಓದುವ ಬಗೆ

ಮರ್ಚೆಂಟ್ ನೇವಿಯ ಅಧಿಕಾರಿಗಳು ಬಳಸುವ ಸ್ವವಿವರದ ನಮೂನೆಯು ಹಡಗು ಕಂಪನಿಗಳ ಸಿಬ್ಬಂದಿ ವಿಭಾಗಕ್ಕಾಗಿ ರೂಪುಗೊಂಡದ್ದು. ಹಡಗಿನ ಹೆಸರು, ಬಗೆ, ಎಂಜಿನ್ನಿನ ಮಾದರಿ, ಹುದ್ದೆ, ಹತ್ತಿದ ಮತ್ತು ಇಳಿದ ದಿನಾಂಕಗಳು ಅದರಲ್ಲಿ ಹಡಗಿಗೊಂದು ಸಾಲಿನಂತೆ ಬರುತ್ತವೆ. ಓದುವವರು ಈ ವ್ಯಕ್ತಿಯನ್ನು ಮುಂದಿನ ಹಡಗಿಗೆ ಕಳುಹಿಸಲು ನಿಯಮ ಒಪ್ಪುತ್ತದೆಯೇ ಎಂಬುದನ್ನು ಮುಖ್ಯವಾಗಿ ನೋಡುತ್ತಾರೆ. ದಡದ ನೇಮಕಾತಿ ಅಧಿಕಾರಿಯಾದರೋ ಅದೇ ಹಾಳೆಯಲ್ಲಿ ಈತ ಯಾವ ಯಂತ್ರಗಳಿಗೆ, ಎಷ್ಟು ಮಂದಿಗೆ, ಎಷ್ಟು ಕಾಲ ಹೊಣೆಗಾರನಾಗಿದ್ದ ಎಂಬುದನ್ನು ಹುಡುಕುತ್ತಾರೆ, ಮತ್ತು ಅದು ಸಿಗದಿದ್ದಾಗ ಸಿಕ್ಕ ಸಾಲುಗಳಿಗೆ ತಮಗೆ ತೋಚಿದ ಅರ್ಥವನ್ನು ಹಚ್ಚುತ್ತಾರೆ.

ಕಚ್ಚಾತೈಲದ ಹಡಗುಗಳಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದವರೊಬ್ಬರು ಮಂಗಳೂರಿನ ಬಂದರಿಗೆ ಹೊಂದಿದ ತೈಲ ಸಂಗ್ರಹಾಗಾರದಲ್ಲಿ ನಿರ್ವಹಣಾ ವ್ಯವಸ್ಥಾಪಕ ಹುದ್ದೆಗೆ ಅರ್ಜಿ ಹಾಕುವುದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. 2020ರ ಮಾರ್ಚ್‌ನಿಂದ 2024ರ ಅಕ್ಟೋಬರ್‌ವರೆಗೆ ಅವರು ಒಂದೇ ಕಂಪನಿಯ ಮೂರು ಹಡಗುಗಳಲ್ಲಿ ಐದು ಒಪ್ಪಂದಗಳನ್ನು ಪೂರೈಸಿದ್ದಾರೆ. ಅವುಗಳ ಅವಧಿ ಕ್ರಮವಾಗಿ 9, 5, 6, 5 ಮತ್ತು 6 ತಿಂಗಳು. ಹಳೆಯ ನಮೂನೆಯಲ್ಲಿ ಇವು ಐದು ಸಾಲುಗಳಾಗಿ, ನಡುನಡುವೆ ಖಾಲಿ ತಿಂಗಳುಗಳೊಂದಿಗೆ ನಿಲ್ಲುವುದರಿಂದ, ಐದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಐದು ಕೆಲಸ ಬಿಟ್ಟವರು ಎಂಬ ಭಾವನೆ ದಡದಲ್ಲಿ ಮೂಡುತ್ತದೆ. ಅದರ ಬದಲು ಕಂಪನಿ, ಹುದ್ದೆ ಮತ್ತು ಒಟ್ಟು ಅವಧಿಯನ್ನು ಒಂದೇ ತಲೆಬರಹದಡಿ ತಂದು, ಈ 56 ತಿಂಗಳುಗಳಲ್ಲಿ 31 ತಿಂಗಳು ಹಡಗಿನ ಮೇಲೆ, ಉಳಿದ 25 ತಿಂಗಳು ಒಪ್ಪಂದಗಳ ನಡುವಿನ ರಜೆ ಹಾಗೂ ಪರೀಕ್ಷಾ ಸಿದ್ಧತೆಯಲ್ಲಿ ಕಳೆದವು ಎಂದು ಬರೆದರೆ ಲೆಕ್ಕ ತಾನಾಗಿಯೇ ಕೂಡುತ್ತದೆ. ಮೊದಲ ಒಪ್ಪಂದ ಒಂಬತ್ತು ತಿಂಗಳಿಗೆ ಹಿಗ್ಗಿದ್ದು ಕೋವಿಡ್ ಕಾಲದಲ್ಲಿ ಬಂದರುಗಳು ಸಿಬ್ಬಂದಿ ಬದಲಾವಣೆಗೆ ಅವಕಾಶ ಕೊಡದ ಕಾರಣ ಎಂಬುದನ್ನೂ ಒಂದು ಮಾತಿನಲ್ಲಿ ಸೇರಿಸಬಹುದು. ಆದರೆ ನೇಮಕ ಪ್ರತಿ ಸಲವೂ ಹೊಸ ಒಪ್ಪಂದದ ಮೇಲೆ ಆಗಿದ್ದರೆ, ಅದನ್ನು ಖಾಯಂ ನೌಕರಿಯೆಂದು ಬರೆಯುವುದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಹಿನ್ನೆಲೆ ಪರಿಶೀಲನೆಯಲ್ಲಿ ನೋಡುವ ಸಿಡಿಸಿಯಲ್ಲಿ, ಅಂದರೆ ನಾವಿಕರು ಜೊತೆಯಲ್ಲೇ ಇಟ್ಟುಕೊಳ್ಳುವ ಸೇವಾ ಪುಸ್ತಿಕೆಯಲ್ಲಿ, ಸೈನ್ ಆನ್ ಮತ್ತು ಸೈನ್ ಆಫ್ ದಿನಾಂಕಗಳು ಕ್ಯಾಪ್ಟನ್ನರ ಸಹಿಯೊಡನೆ ದಾಖಲಾಗಿರುತ್ತವೆ.

ಹುದ್ದೆಯ ಹೆಸರು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಎಂಜಿನ್ ವಿಭಾಗದಲ್ಲಿ ಚೀಫ್ ಎಂಜಿನಿಯರರ ನಂತರದ ಸ್ಥಾನ ಸೆಕೆಂಡ್ ಎಂಜಿನಿಯರರದೇ. ದಿನನಿತ್ಯದ ಕೆಲಸ ಹಂಚುವುದು, ನಿರ್ವಹಣಾ ವೇಳಾಪಟ್ಟಿ ನಡೆಸುವುದು, ಬಿಡಿಭಾಗಗಳ ಬೇಡಿಕೆ ಸಿದ್ಧಪಡಿಸುವುದು ಅವರ ಪಾಲು. ದಡದ ಓದುಗರಿಗೆ ಮಾತ್ರ ಅದು ಕೆಳಹಂತದ ಹುದ್ದೆಯಂತೆ ಕೇಳಿಸುತ್ತದೆ. ಆದ್ದರಿಂದ ಹುದ್ದೆಯನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡು, ಅದರ ಪಕ್ಕದಲ್ಲಿ 'ಎಂಜಿನ್ ವಿಭಾಗದ ಎರಡನೆಯ ಮುಖ್ಯಸ್ಥ' ಎಂಬ ವಿವರಣೆಯನ್ನೂ ಕೈಕೆಳಗಿದ್ದವರ ಸಂಖ್ಯೆಯನ್ನೂ ಕೊಡುವುದು ನ್ಯಾಯವಾದ ಕ್ರಮ.

ಹಡಗಿನ ಬಗೆಯ ವಿಷಯದಲ್ಲಿ 'ಆಫ್ರಾಮ್ಯಾಕ್ಸ್' ಎಂಬ ಒಂದು ಪದ ಸಿಬ್ಬಂದಿ ವಿಭಾಗಕ್ಕೆ ಸಾಕು. ದಡದವರಿಗೆ ಅದು ಸರಿಸುಮಾರು 80,000ದಿಂದ 1,20,000 ಟನ್ ಡೆಡ್‌ವೇಟ್‌ನ ತೈಲದ ಹಡಗು ಎಂದು ಬಿಡಿಸಿ ಹೇಳಬೇಕು. ಡೆಡ್‌ವೇಟ್ ಎಂದರೆ ಸರಕು, ಇಂಧನ, ನೀರು, ಸಾಮಗ್ರಿಗಳೆಲ್ಲ ಸೇರಿ ಹಡಗು ಹೊರಬಲ್ಲ ತೂಕ. ಗ್ರಾಸ್ ಟನೇಜ್ ಎಂಬುದು ಹಡಗಿನ ಒಳ ಅವಕಾಶದ ಅಳತೆಯೇ ಹೊರತು ತೂಕವಲ್ಲ, ಹಾಗಾಗಿ ಎರಡನ್ನೂ ವಿವರಣೆಯಿಲ್ಲದೆ ಒಟ್ಟಿಗೆ ಕೊಟ್ಟರೆ ಗೊಂದಲ ಖಚಿತ. ಸಂಗ್ರಹಾಗಾರದ ವ್ಯವಸ್ಥಾಪಕರಿಗೆ ನಿಜವಾಗಿ ಬೇಕಾದದ್ದು ಹಡಗಿನ ಗಾತ್ರವೂ ಅಲ್ಲ: ಉಗಿ ಟರ್ಬೈನಿನಿಂದ ನಡೆಯುವ ಮೂರು ಸರಕು ಪಂಪುಗಳು, ಅವುಗಳಿಗೆ ಉಗಿ ಒದಗಿಸುವ ಬಾಯ್ಲರುಗಳು, ಮೂರು ಡೀಸೆಲ್ ಜನರೇಟರುಗಳು, ಟ್ಯಾಂಕಿನೊಳಗೆ ಆಮ್ಲಜನಕವನ್ನು ತಗ್ಗಿಸಿ ಸ್ಫೋಟವನ್ನು ತಡೆಯುವ ಇನರ್ಟ್ ಗ್ಯಾಸ್ ವ್ಯವಸ್ಥೆ, ಇವುಗಳಲ್ಲಿ ಯಾವುದನ್ನು ಅಭ್ಯರ್ಥಿ ಸ್ವತಃ ಬಿಚ್ಚಿ ಜೋಡಿಸಿದ್ದಾರೆ, ಯಾವುದರ ಮೇಲ್ವಿಚಾರಣೆ ಮಾತ್ರ ಮಾಡಿದ್ದಾರೆ ಎಂಬುದು. ಎಂಜಿನ್ನಿನ ಮಾದರಿ ಸಂಖ್ಯೆಯ ಜಾಗದಲ್ಲಿ ಅದರ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಬರೆದರೆ ವಿದ್ಯುತ್ ಸ್ಥಾವರದಿಂದ ಬಂದ ಸಂದರ್ಶಕರಿಗೂ ಅಂದಾಜು ಸಿಗುತ್ತದೆ.

ಪ್ರಮಾಣಪತ್ರಗಳ ಪಟ್ಟಿಯನ್ನು ಮೊಟಕು ಮಾಡುವುದೇ ಒಳ್ಳೆಯದು. ಸಮುದ್ರದಲ್ಲಿ ಬದುಕುಳಿಯುವ ತಂತ್ರ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆಯಂತಹ ಕಿರು ತರಬೇತಿಗಳನ್ನು ಒಂದೇ ಸಾಲಿಗೆ ಇಳಿಸಿ, ಕಾಂಪಿಟೆನ್ಸಿ ಪ್ರಮಾಣಪತ್ರವನ್ನು, ಅಂದರೆ ಭಾರತದಲ್ಲಿ ನೌಕಾಯಾನ ಮಹಾನಿರ್ದೇಶನಾಲಯವು ಪರೀಕ್ಷೆ ನಡೆಸಿ ಕೊಡುವ ಅರ್ಹತಾಪತ್ರವನ್ನು, ಮೇಲಕ್ಕೆ ತರಬೇಕು. ಎಂಜಿನ್ ವಿಭಾಗದಲ್ಲಿ ಕ್ಲಾಸ್ ನಾಲ್ಕು ಕಾವಲು ಅಧಿಕಾರಿಗೆ, ಕ್ಲಾಸ್ ಎರಡು ಸೆಕೆಂಡ್ ಎಂಜಿನಿಯರಿಗೆ, ಕ್ಲಾಸ್ ಒಂದು ಚೀಫ್ ಎಂಜಿನಿಯರಿಗೆ ಸಂಬಂಧಿಸಿದ್ದು. ಸಂಖ್ಯೆ ಇಳಿದಂತೆ ಅರ್ಹತೆ ಏರುತ್ತದೆ ಎಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಈ ಉದಾಹರಣೆಯ ಅಭ್ಯರ್ಥಿ ರಜೆಯಲ್ಲಿ ಕ್ಲಾಸ್ ಒಂದನ್ನು ಮುಗಿಸಿದ್ದಾರೆ, ಆದರೆ ಚೀಫ್ ಆಗಿ ಒಂದು ದಿನವೂ ಸೇವೆ ಸಲ್ಲಿಸಿಲ್ಲ. ಆದ್ದರಿಂದ ಹೊಂದಿರುವ ಅರ್ಹತೆ ಮತ್ತು ನಿಭಾಯಿಸಿದ ಹುದ್ದೆ ಎರಡು ಬೇರೆ ಸಾಲುಗಳಲ್ಲಿಯೇ ಇರಬೇಕು. ಪದವಿ ಅಥವಾ ಡಿಪ್ಲೊಮಾವನ್ನು ಇದರೊಂದಿಗೆ ಬೆರೆಸದೆ ಶಿಕ್ಷಣದ ವಿಭಾಗದಲ್ಲಿ ಕೊಡಬೇಕು, ಮತ್ತು ಅರ್ಹತಾಪತ್ರದ ಐದು ವರ್ಷಗಳ ಮಾನ್ಯತೆ ಯಾವ ದಿನ ಮುಗಿಯುತ್ತದೆ ಎಂಬುದನ್ನು ಅದರ ಪಕ್ಕದಲ್ಲೇ ನಮೂದಿಸಬೇಕು.